ಟಿಪ್ಸ್ ಹಂಚಿಕೆ ಮತ್ತು ಭಾನುವಾರದ ಪಾಳಿ

ಪ್ರಶ್ನೆ: ಬೆಳಗಾವಿಯ ನಮ್ಮ ಖಾನಾವಳಿಯಲ್ಲಿ ಟಿಪ್ಸ್‌ಗೂ ಭಾನುವಾರದ ಪಾಳಿಗೂ ಜಗಳವಾಗುತ್ತದೆ, ಏನು ಮಾಡಲಿ?

ಉತ್ತರ: ಆಯಾ ದಿನದ ಟಿಪ್ಸನ್ನು ಒಂದೇ ಡಬ್ಬಿಗೆ ಹಾಕಿಸಿ, ದುಡಿದ ಗಂಟೆಗಳನ್ನು ಎಲ್ಲರೂ ಮೊದಲೇ ಒಪ್ಪಿದ ತೂಕದಿಂದ ಗುಣಿಸಿ ಹಂಚಿರಿ. ಸಪ್ಲೈಯರ್‌ಗೆ ಒಂದು, ಅಡುಗೆಯವರಿಗೆ ಮುಕ್ಕಾಲು, ಪಾತ್ರೆ ತೊಳೆಯುವವರಿಗೆ ಅರ್ಧ ಎಂದಾದರೆ, 8 ಗಂಟೆ ದುಡಿದ ಇಬ್ಬರು ಸಪ್ಲೈಯರ್‌ಗಳಿಗೆ 16, ಅಷ್ಟೇ ದುಡಿದ ಒಬ್ಬ ಅಡುಗೆಯವರಿಗೆ 6, 4 ಗಂಟೆ ಪಾತ್ರೆ ತೊಳೆದವರಿಗೆ 2, ಒಟ್ಟು 24 ಅಂಕಗಳಾಗುತ್ತವೆ. ಡಬ್ಬಿಯಲ್ಲಿ 1,200 ರೂಪಾಯಿ ಇದ್ದರೆ ಅಂಕಕ್ಕೆ 50 ರೂಪಾಯಿ. ಸಪ್ಲೈಯರ್‌ಗಳಿಗೆ ತಲಾ 400, ಅಡುಗೆಯವರಿಗೆ 300, ಪಾತ್ರೆಯವರಿಗೆ 100 ಸಿಗುತ್ತದೆ.

ಆದರೆ ಭಾನುವಾರ ಸಂಜೆ ಸದಾ ಅದೇ ಇಬ್ಬರಿಗೆ ಸಿಕ್ಕರೆ ಈ ಲೆಕ್ಕವೂ ಅನ್ಯಾಯವೇ; ಆ ಪಾಳಿಯನ್ನು ಸರದಿಯಲ್ಲಿ ತಿರುಗಿಸಿ, ಪಟ್ಟಿಯನ್ನು ವಾರ ಮೊದಲೇ ಗೋಡೆಗೆ ಅಂಟಿಸಿರಿ. ಸೇವಾ ಶುಲ್ಕವನ್ನಂತೂ 2022ರ ಕೇಂದ್ರ ಮಾರ್ಗಸೂಚಿಯಂತೆ ಬಿಲ್ಲಿಗೆ ತಾನಾಗಿ ಸೇರಿಸುವಂತಿಲ್ಲ.