ಏಜೆಂಟರಿಗೆ ಕೊಟ್ಟ ರೂಮು ಯಾವಾಗ ವಾಪಸ್ ನಮ್ಮದಾಗುತ್ತದೆ?

ಪ್ರಶ್ನೆ: ಆನೆಗೊಂದಿ ಹತ್ತಿರ ನಮ್ಮದು ಹನ್ನೆರಡು ರೂಮಿನ ಲಾಡ್ಜು. ಹೋದ ಸೀಸನ್‌ನಲ್ಲಿ ಒಬ್ಬ ಟ್ರಾವೆಲ್ ಏಜೆಂಟ್‌ಗೆ ಅಂತ ನಾಲ್ಕು ರೂಮು ಹಿಡಿದಿಟ್ಟಿದ್ದೆ. ಡಿಸೆಂಬರ್ ಕೊನೇ ವಾರ ನಾಲ್ಕೂ ಖಾಲಿ ಬಿದ್ದವು, ಬಾಗಿಲಿಗೆ ಬಂದವರನ್ನ ವಾಪಸ್ ಕಳಿಸಿದ್ದೆ. ಕೇಳಿದ್ರೆ "ನಾವು ಬುಕ್ಕೇ ಮಾಡಿರಲಿಲ್ಲವಲ್ಲ" ಅಂದರು. ಈ ಸಲ ಹೊಸ ರೇಟಿನ ಪತ್ರದಲ್ಲಿ ಏನು ಬರೆಯಲಿ ಸರ್?
- ಗಂಗಾವತಿ ತಾಲೂಕಿನ ಓದುಗರು

ಉತ್ತರ: ಬೇಜಾರಾಗಬೇಡಿ, ಏಜೆಂಟ್ ಹೇಳಿದ್ದು ಸರಿ. ನೀವು ಕೊಟ್ಟಿದ್ದು ಅಲಾಟ್‌ಮೆಂಟ್, ಅವರು ಮಾಡಬೇಕಿದ್ದದ್ದು ಬುಕಿಂಗ್. ಗೆಸ್ಟ್ ಹೆಸರು ಬರುವ ತನಕ ಆ ನಾಲ್ಕು ರೂಮಿಗೆ ಅವರು ಒಂದು ರೂಪಾಯಿ ಕೊಡಬೇಕಾಗಿಲ್ಲ. ಕ್ಯಾನ್ಸಲೇಶನ್ ಚಾರ್ಜ್ ಹಾಕೋಣ ಅಂದ್ರೆ ಬುಕ್ಕೇ ಆಗದ್ದನ್ನ ಕ್ಯಾನ್ಸಲ್ ಮಾಡೋದು ಹೇಗೆ? ನಿಮ್ಮ ಪತ್ರದಲ್ಲಿ ಇಲ್ಲದೇ ಇದ್ದದ್ದು ರಿಲೀಸ್ ಅವಧಿ.

ಅದನ್ನು ಹೀಗೆ ಬರೆಯಿರಿ: "ಗೆಸ್ಟ್ ಬರುವ ದಿನಕ್ಕೆ 15 ದಿನ ಮುಂಚೆ, ಸಂಜೆ 6 ಗಂಟೆಯೊಳಗೆ ಹೆಸರು ಬರದ ರೂಮುಗಳು ತಾವಾಗಿಯೇ ಹೋಟೆಲ್‌ಗೆ ವಾಪಸ್. ಇದಕ್ಕೆ ಬೇರೆ ಸೂಚನೆ ಕೊಡುವುದಿಲ್ಲ. ಆಮೇಲೆ ಬಂದ ಬುಕಿಂಗ್‌ಗೆ ಇದೇ ರೇಟ್, ಆದರೆ ರೂಮು ಖಾಲಿ ಇದ್ದರೆ ಮಾತ್ರ." ಈ "ತಾವಾಗಿಯೇ" ಅನ್ನೋ ಮಾತು ಬಿಡಬೇಡಿ. ಅದಿಲ್ಲದಿದ್ದರೆ ಪ್ರತಿ ಸಲ ಫೋನ್ ಮಾಡಿ "ರೂಮು ಬಿಡ್ತೀರಾ?" ಅಂತ ಕೇಳಬೇಕಾಗುತ್ತದೆ, ಅವರು "ಇನ್ನೊಂದೆರಡು ದಿನ ನೋಡೋಣ" ಅಂತಲೇ ಹೇಳುತ್ತಾರೆ.

ಡಿಸೆಂಬರ್ 20ರಿಂದ ಜನವರಿ 5ರ ತನಕ ಮಾತ್ರ 15 ದಿನ ಸಾಲದು, 30 ಇಡಿ. ಡಿಸೆಂಬರ್ 24ಕ್ಕೆ ಬರುವ ಗ್ರೂಪ್ ಅಂದುಕೊಳ್ಳಿ. 30 ದಿನದ ಲೆಕ್ಕದಲ್ಲಿ ನವೆಂಬರ್ 24ರ ಸಂಜೆ ರೂಮು ನಿಮ್ಮ ಕೈಗೆ ಬರುತ್ತದೆ, 15 ದಿನದ ಲೆಕ್ಕದಲ್ಲಾದರೆ ಡಿಸೆಂಬರ್ 9ಕ್ಕೆ. ಹೊಸ ವರ್ಷಕ್ಕೆ ಬೆಂಗಳೂರಿಂದ ಬರೋರು ರೂಮು ಹುಡುಕೋದು ಈ ನಡುವಿನ ಎರಡು ವಾರದಲ್ಲೇ ಜಾಸ್ತಿ. ಹಾಗಂತ ಸೋಮವಾರ, ಮಂಗಳವಾರದ ರೂಮಿಗೂ 30 ದಿನ ಅಂದ್ರೆ ಏಜೆಂಟ್ ನಿಮ್ಮ ಪತ್ರ ಪಕ್ಕಕ್ಕಿಟ್ಟು ಹೊಸಪೇಟೆಯಲ್ಲಿ ರೂಮು ಹಿಡಿಯುತ್ತಾರೆ, ವಾರದ ದಿನಕ್ಕೆ 7 ಸಾಕು.

ಹನುಮಮಾಲೆ ವಿಸರ್ಜನೆಗೆ ಅಂಜನಾದ್ರಿಯಲ್ಲಿ ಜನ ಸೇರುವ ದಿನ ಪಂಚಾಂಗ ನೋಡಿ ಮೊದಲೇ ಹಾಕಬಹುದು. ಹಂಪಿ ಉತ್ಸವದ ದಿನ ಮಾತ್ರ ವರ್ಷ ವರ್ಷ ಬದಲಾಗುತ್ತದೆ. "ದಿನಾಂಕ ಘೋಷಣೆಯಾದ ಮೇಲೆ ತಿಳಿಸುತ್ತೇವೆ, ಅಷ್ಟರೊಳಗೆ ಕನ್ಫರ್ಮ್ ಆದ ಬುಕಿಂಗ್‌ಗೆ ಮಾಮೂಲಿ ಕಾಂಟ್ರಾಕ್ಟ್ ರೇಟೇ" ಅಂತ ಒಂದು ಸಾಲು ಸೇರಿಸಿ.

ಇನ್ನು ವ್ಯಾಲಿಡಿಟಿ. ನಾನು ಸೇಲ್ಸ್‌ನಲ್ಲಿದ್ದ ಒಂದು ಹೋಟೆಲ್‌ನ ಪತ್ರದಲ್ಲಿ "ಹೊಸ ರೇಟ್ ಅಕ್ಟೋಬರ್ 1ರಿಂದ" ಅಂತಷ್ಟೇ ಇತ್ತು, ಬರೆದವನು ನಾನೇ. ಸೆಪ್ಟೆಂಬರ್ 29ಕ್ಕೆ ಒಂದು ಗ್ರೂಪ್ ಬಂತು, ಆರು ರೂಮು, ಅಕ್ಟೋಬರ್ 3ಕ್ಕೆ ಚೆಕ್ ಔಟ್. ಚೆಕ್ ಇನ್ ಸೆಪ್ಟೆಂಬರ್‌ನಲ್ಲಿ ಆಗಿದೆ, ಹಾಗಾಗಿ ನಾಲ್ಕೂ ರಾತ್ರಿಗೆ ಹಳೇ ರೇಟೇ ಅಂತ ಏಜೆಂಟ್ ಪಟ್ಟು ಹಿಡಿದರು. ರೂಮಿಗೆ 600 ರೂಪಾಯಿ ವ್ಯತ್ಯಾಸ, ಎರಡು ರಾತ್ರಿ, ಆರು ರೂಮು: 7,200 ರೂಪಾಯಿ ಕೈಬಿಟ್ಟಿತು. ಆಮೇಲಿಂದ "ರೇಟ್ ತಂಗುವ ಪ್ರತಿ ರಾತ್ರಿಗೆ, ಬುಕ್ ಮಾಡಿದ ದಿನಕ್ಕಾಗಲಿ ಚೆಕ್ ಇನ್ ದಿನಕ್ಕಾಗಲಿ ಅಲ್ಲ" ಅಂತ ಬರೆಯೋದು ಕಲಿತೆ. ಈಗಾಗಲೇ ಹಳೇ ರೇಟಿಗೆ ಕನ್ಫರ್ಮ್ ಕೊಟ್ಟಿದ್ದರೆ ಅದನ್ನ ಮುಟ್ಟಬೇಡಿ, ಇಂಥ ದಿನಾಂಕದ ತನಕ ಕನ್ಫರ್ಮ್ ಆದದ್ದಕ್ಕೆ ಹಳೇ ರೇಟ್ ಅಂತ ಪತ್ರದಲ್ಲೇ ಹೇಳಿಬಿಡಿ.

ರೇಟ್ ಬರೆಯುವಾಗ ನೆಟ್ ರೇಟ್ ಅಂತ ಸ್ಪಷ್ಟವಾಗಿರಲಿ, ಇಲ್ಲದಿದ್ದರೆ ಅದರ ಮೇಲೂ ಕಮಿಷನ್ ಕೇಳುತ್ತಾರೆ. ತಿಂಡಿ ಸೇರಿದೆಯೋ ಇಲ್ಲವೋ, ಎಕ್ಸ್‌ಟ್ರಾ ಬೆಡ್‌ಗೆ ಎಷ್ಟು, ಇವೂ ಬೇಕು. ಜಿಎಸ್‌ಟಿ "ಆಯಾ ದಿನದ ದರದಂತೆ ಪ್ರತ್ಯೇಕ" ಅನ್ನಿ. ದಿನಕ್ಕೆ 7,500 ರೂಪಾಯಿ ತನಕದ ರೂಮಿಗೆ 12 ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ ಶೇ 5 ಆಯಿತಲ್ಲ, ಸೀಸನ್ ಶುರುವಾಗೋ ಹೊತ್ತಿಗೆ! ಈಗ ಡಬಲ್ ರೂಮಿಗೆ 2,800 ನೆಟ್ ಅಂದರೆ 140 ಸೇರಿ ಬಿಲ್ 2,940.

ಪತ್ರ ಮೇಲ್‌ನಲ್ಲೇ ಕಳಿಸಿ, "ಒಪ್ಪಿದೆ" ಅಂತ ಉತ್ತರ ತರಿಸಿಕೊಳ್ಳಿ. ಉತ್ತರ ಬಾರದವರಿಗೆ ಅಲಾಟ್‌ಮೆಂಟ್ ಕೊಡಬೇಡಿ, ರೇಟ್ ಮಾತ್ರ ಕೊಡಿ. ಆಮೇಲೆ ರಿಸೆಪ್ಶನ್ ಗೋಡೆಯ ಕ್ಯಾಲೆಂಡರಿನಲ್ಲಿ ಗ್ರೂಪ್ ಬರುವ ದಿನವನ್ನಲ್ಲ, ರಿಲೀಸ್ ದಿನವನ್ನ ಕೆಂಪು ಪೆನ್ನಲ್ಲಿ ಸುತ್ತು ಹಾಕಿ. ಆವತ್ತು ಸಂಜೆ ಆರಾದ ಮೇಲೆ ಬಾಗಿಲಿಗೆ ಬಂದವರಿಗೆ ರೂಮು ಕೊಡೋಕೆ ಕೌಂಟರಿನ ಹುಡುಗ ನಿಮ್ಮನ್ನೂ ಕೇಳಬೇಕಾಗಿಲ್ಲ.