12 ವರ್ಷ ಕಟ್ಟಿದ ಎಂಡೋಮೆಂಟ್ ಪಾಲಿಸಿ: ಸರೆಂಡರ್ ಮಾಡಲೇ, ಪೇಡ್‌ಅಪ್ ಮಾಡಲೇ, ಕಟ್ಟುತ್ತಾ ಹೋಗಲೇ?

"2014ರ ಮಾರ್ಚ್‌ನಲ್ಲಿ ಎಲ್‌ಐಸಿಯ ನ್ಯೂ ಎಂಡೋಮೆಂಟ್ ಪ್ಲಾನ್ (814) ಮಾಡಿಸಿದ್ದೆ. ವಿಮಾ ಮೊತ್ತ 5 ಲಕ್ಷ, ಅವಧಿ 20 ವರ್ಷ, ವರ್ಷಕ್ಕೆ 26,000 ಕಂತು. 12 ಕಂತು ಕಟ್ಟಿದ್ದೇನೆ, ಒಟ್ಟು 3,12,000. ಈಗ ಸರೆಂಡರ್ ಮಾಡಿದರೆ 2,90,000 ಬರುತ್ತದಂತೆ. ಇದುವರೆಗಿನ ಬೋನಸ್ 2,52,000 ಎಂದು ತೋರಿಸುತ್ತಿದೆ. ಹೇಗೂ ಶೇ. 5 ಕೊಡುವ ಪಾಲಿಸಿ. 22,000 ಹೋದರೆ ಹೋಗಲಿ ಅಂತ ತೆಗೆದು ಎಸ್‌ಐಪಿಗೆ ಹಾಕಲೇ?"

ಬೇಡ. ಇಂಥದೇ ಪಾಲಿಸಿ ನನ್ನದೂ ಒಂದಿದೆ, ಕಟ್ಟುತ್ತಲೇ ಇದ್ದೇನೆ. ನೀವು ಹೇಳುವ ಶೇ. 5 ಸುಳ್ಳಲ್ಲ. ಆದರೆ ಅದು 2014ರಿಂದ 2034ರವರೆಗಿನ ಇಡೀ 20 ವರ್ಷದ ಲೆಕ್ಕ. ನೀವೀಗ ನಿರ್ಧರಿಸಬೇಕಾದದ್ದು ಮುಂದಿನ 8 ವರ್ಷದ್ದು ಮಾತ್ರ, ಅದರ ಲೆಕ್ಕವೇ ಬೇರೆ.

ಒಂದು ಕಂತಿನಿಂದ ಏನು ಸಿಗುತ್ತದೆ ನೋಡಿ. 5 ಲಕ್ಷವನ್ನು 20 ಕಂತಿಗೆ ಹಂಚಿದರೆ ಒಂದೊಂದು ಕಂತು 25,000 ವಿಮಾ ಮೊತ್ತವನ್ನು ಗಳಿಸಿಕೊಡುತ್ತದೆ. ಜೊತೆಗೆ ಆ ವರ್ಷದ ಬೋನಸ್. ನಿಮ್ಮ 2,52,000 ಬೋನಸ್ಸನ್ನು 12ರಿಂದ ಭಾಗಿಸಿದರೆ ವರ್ಷಕ್ಕೆ 21,000, ಅಂದರೆ ವಿಮಾ ಮೊತ್ತದ ಸಾವಿರಕ್ಕೆ 42 ರೂಪಾಯಿ. ಒಟ್ಟು 46,000. ಇದು ಸರಳ ಬೋನಸ್, ಇದಕ್ಕೆ ಚಕ್ರಬಡ್ಡಿ ಇಲ್ಲ. ಹಾಗಾಗಿ 2014ರಲ್ಲಿ ಕಟ್ಟಿದ 26,000ಕ್ಕೂ 2034ರಲ್ಲಿ ಸಿಗುವುದು 46,000, 2033ರಲ್ಲಿ ಕಟ್ಟುವ 26,000ಕ್ಕೂ ಸಿಗುವುದು ಅದೇ 46,000.

ಮೊದಲ ಕಂತು 20 ವರ್ಷ ಕಾಯುತ್ತದೆ, ಅದರ ಗಳಿಕೆ ವರ್ಷಕ್ಕೆ ಶೇ. 2.9 ಅಷ್ಟೇ. ಈ ಮಾರ್ಚ್‌ನಲ್ಲಿ ಕಟ್ಟಬೇಕಾದ 13ನೇ ಕಂತು 8 ವರ್ಷ ಕಾಯುತ್ತದೆ, ಅದರದು ಶೇ. 7.4. ಕೊನೆಯ ಕಂತು ಒಂದೇ ವರ್ಷದಲ್ಲಿ 46,000 ಆಗುತ್ತದೆ. ಎಂಡೋಮೆಂಟ್ ಪಾಲಿಸಿಯ ಕೆಟ್ಟ ಭಾಗವೆಲ್ಲ ಮೊದಲ ವರ್ಷಗಳಲ್ಲಿದೆ. ಅದನ್ನು ನೀವು ಆಗಲೇ ಅನುಭವಿಸಿ ಮುಗಿಸಿದ್ದೀರಿ. ಈಗ ಹೊರಬಿದ್ದರೆ ಒಳ್ಳೆಯ ಭಾಗವನ್ನು ಬಿಟ್ಟುಕೊಟ್ಟಂತೆ.

ಜನ ದುಡ್ಡು ಕಳೆದುಕೊಳ್ಳುವುದು ನೀವು ಮಾಡಿದ ಹೋಲಿಕೆಯಿಂದಲೇ: ಇಷ್ಟು ಕಟ್ಟಿದೆ, ಇಷ್ಟು ಬರುತ್ತದೆ, ವ್ಯತ್ಯಾಸ 22,000. ಕಟ್ಟಿದ 3,12,000 ಯಾವ ಆಯ್ಕೆಯಲ್ಲೂ ವಾಪಸ್ ಬರುವುದಿಲ್ಲ, ಆದ್ದರಿಂದ ಅದು ಲೆಕ್ಕಕ್ಕೇ ಬರಬಾರದು. ಇವತ್ತು ನಿಮ್ಮ ಪಾಲಿಸಿಯ ಬೆಲೆ 2,90,000. ಅದನ್ನು ಅಲ್ಲೇ ಬಿಟ್ಟರೆ 2034ಕ್ಕೆ ಎಷ್ಟಾಗುತ್ತದೆ ಎಂಬುದೊಂದೇ ಪ್ರಶ್ನೆ. ವ್ಯತ್ಯಾಸ 22,000 ಇದ್ದರೂ 80,000 ಇದ್ದರೂ ಉತ್ತರ ಅದರಿಂದ ಹೊರಡುವುದಿಲ್ಲ. ಇದೇ ತಪ್ಪು ತಿರುಗಿಯೂ ಆಗುತ್ತದೆ. ಪಾಲಿಸಿ ಮಾಡಿಸಿ ನಾಲ್ಕೇ ವರ್ಷ ಆದವರು "ಕಟ್ಟಿದ್ದು ಹೋಗುತ್ತಲ್ಲ" ಎಂದು ಇನ್ನೂ 16 ವರ್ಷ ಕಟ್ಟಲು ಕೂರುತ್ತಾರೆ.

ಕಂತು ನಿಲ್ಲಿಸಿ ಪೇಡ್‌ಅಪ್ ಮಾಡಿದರೆ ವಿಮಾ ಮೊತ್ತ 20ರಲ್ಲಿ 12 ಭಾಗಕ್ಕೆ ಇಳಿದು 3,00,000 ಆಗುತ್ತದೆ. ಸೇರಿದ ಬೋನಸ್ 2,52,000 ಹಾಗೇ ಉಳಿಯುತ್ತದೆ, ಹೊಸ ಬೋನಸ್ ಸೇರುವುದಿಲ್ಲ. 2034ಕ್ಕೆ ಕೈಗೆ 5,52,000. ಸರೆಂಡರ್ ಮಾಡುವಾಗ ಕಂಪನಿ ಇದೇ 5,52,000ವನ್ನು ಉಳಿದ ವರ್ಷಗಳಿಗೆ ತಕ್ಕಂತೆ ಕಡಿತ ಮಾಡಿ 2,90,000 ಅನ್ನುತ್ತಿದೆ. ಬೋನಸ್ ಪೂರ್ತಿ ಯಾಕೆ ಕೊಡಲಿಲ್ಲ ಎಂದು ಶಾಖೆಯಲ್ಲಿ ಜಗಳವಾಡುವವರಿಗೆ ಉತ್ತರ ಇಷ್ಟೇ: ಆ ಬೋನಸ್ ಅವಧಿ ಮುಗಿದಾಗ ಕೊಡುವ ಹಣ, ಇವತ್ತಿನದಲ್ಲ.

ಕೊನೆಯವರೆಗೆ ಕಟ್ಟಿದರೆ 5,00,000, ಬೋನಸ್ 4,20,000, ಮೇಲೆ ಅಂತಿಮ ಹೆಚ್ಚುವರಿ ಬೋನಸ್. ಅದನ್ನು 20,000 ಎಂದು ಹಿಡಿದಿದ್ದೇನೆ, ಪೇಡ್‌ಅಪ್ ಆದರೆ ಅದು ಸಿಗುವುದಿಲ್ಲ. ಒಟ್ಟು 9,40,000. ಅಂದರೆ 26,000ದಂತೆ ಎಂಟು ಸಲ ಕಟ್ಟಿದ್ದಕ್ಕೆ ಪೇಡ್‌ಅಪ್‌ಗಿಂತ 3,88,000 ಹೆಚ್ಚು ಬರುತ್ತದೆ. ಎಕ್ಸೆಲ್‌ನಲ್ಲಿ ಎರಡು ಸಾಲು ಹಾಕಿ ನೋಡಿ:

```
=RATE(8,0,-290000,552000)
=RATE(8,-26000,0,388000,1)
```

ಮೊದಲನೆಯದು ಸರೆಂಡರ್ ಮಾಡದೆ ಪೇಡ್‌ಅಪ್ ಬಿಟ್ಟರೆ ಸಿಗುವ ದರ, ಶೇ. 8.4. ಎರಡನೆಯದು ಮುಂದಿನ ಕಂತುಗಳ ಗಳಿಕೆ, ಶೇ. 13ಕ್ಕಿಂತ ಹೆಚ್ಚು. ಬೋನಸ್ ಖಾತರಿಯಲ್ಲ ಎನ್ನುತ್ತೀರಾ? ನಿಜ, ಪ್ರತಿವರ್ಷ ಘೋಷಣೆಯಾಗಬೇಕು. ಸಾವಿರಕ್ಕೆ 42 ಇದ್ದದ್ದು 35ಕ್ಕೆ ಇಳಿಯಲಿ, ಅಂತಿಮ ಬೋನಸ್ ಸೊನ್ನೆಯಾಗಲಿ. ಆಗ 388000 ಜಾಗದಲ್ಲಿ 340000 ಹಾಕಿ, ಆಗಲೂ ಶೇ. 10.8ರ ಆಸುಪಾಸು ಬರುತ್ತದೆ. ನಿಮ್ಮ ಕಂತು ವಿಮಾ ಮೊತ್ತದ ಶೇ. 10ರೊಳಗೆ ಇರುವುದರಿಂದ ಈ ಹಣಕ್ಕೆ ತೆರಿಗೆಯೂ ಇಲ್ಲ. ಇದನ್ನು ಬಿಟ್ಟು ಎಸ್‌ಐಪಿಗೆ ಹೋಗಲು ನನಗೆ ಕಾರಣ ಕಾಣುವುದಿಲ್ಲ. ಎಸ್‌ಐಪಿ ಬೇಕಿದ್ದರೆ ಬೇರೆ ದುಡ್ಡಿನಲ್ಲಿ ಮಾಡಿ.

ಇದೇ ಪಾಲಿಸಿಗೆ ನಾಲ್ಕೇ ಕಂತು ಕಟ್ಟಿ 16 ಉಳಿದಿದ್ದರೆ ಮುಂದಿನ ಕಂತುಗಳ ಗಳಿಕೆ ಶೇ. 6.7ರ ಹತ್ತಿರ ನಿಲ್ಲುತ್ತದೆ. ಅಷ್ಟು ದೀರ್ಘ ಅವಧಿಗೆ ಅದು ಕಡಿಮೆಯೇ, ಅಲ್ಲಿ ಕಂತು ನಿಲ್ಲಿಸುವ ಮಾತಿಗೆ ಅರ್ಥವಿದೆ. ಸರೆಂಡರ್ ಸರಿ ಎಂದು ನಾನು ಒಪ್ಪುವ ಇನ್ನೊಂದು ಸಂದರ್ಭ, ಕ್ರೆಡಿಟ್ ಕಾರ್ಡ್ ಅಥವಾ ಶೇ. 14–15ರ ವೈಯಕ್ತಿಕ ಸಾಲ ತಲೆಯ ಮೇಲಿದ್ದಾಗ. ಸ್ವಲ್ಪ ದಿನಕ್ಕೆ ಹಣ ಬೇಕಿದ್ದರೆ ಪಾಲಿಸಿಯ ಮೇಲೆಯೇ ಸಾಲ ಸಿಗುತ್ತದೆ. ಕಂತು ಕಟ್ಟಲು ಆಗುತ್ತಲೇ ಇಲ್ಲ ಎಂದಾದರೆ ಪೇಡ್‌ಅಪ್ ಬಿಡಿ, ಸರೆಂಡರ್ ಬೇಡ.

ಪೇಡ್‌ಅಪ್‌ಗೆ ಅರ್ಜಿ ಬೇಕಿಲ್ಲ. ಸಾಕಷ್ಟು ವರ್ಷದ ಕಂತು ಕಟ್ಟಿದ್ದರೆ ನಿಲ್ಲಿಸಿದ ಮೇಲೆ ತಾನಾಗಿಯೇ ಆಗುತ್ತದೆ. 814ಕ್ಕೆ 3 ವರ್ಷ. ಬ್ಯಾಂಕಿನಿಂದ ಕಂತು ತಾನಾಗಿ ಕಡಿತವಾಗುತ್ತಿದ್ದರೆ ಮೊದಲು ಅದನ್ನು ರದ್ದು ಮಾಡಿಸಿ, ಇಲ್ಲದಿದ್ದರೆ ಮಾರ್ಚ್‌ನಲ್ಲಿ ಮತ್ತೊಂದು ಕಂತು ಹೋಗಿರುತ್ತದೆ. ಅಪಘಾತ ರೈಡರ್ ಇದ್ದರೆ ಅದು ಅಲ್ಲಿಗೇ ನಿಲ್ಲುತ್ತದೆ, ಮರಣ ಪರಿಹಾರವೂ 3,00,000 ಮತ್ತು ಸೇರಿದ ಬೋನಸ್‌ಗೆ ಇಳಿಯುತ್ತದೆ. ಮನೆಯವರು ನಿಮ್ಮ ದುಡಿಮೆಯನ್ನೇ ನಂಬಿದ್ದರೆ ಟರ್ಮ್ ವಿಮೆ ಕೈಗೆ ಬಂದ ಮೇಲೆ ಕಂತು ನಿಲ್ಲಿಸಿ, ಮೊದಲಲ್ಲ.

ಯಾವುದಕ್ಕೂ ಮುನ್ನ ಶಾಖೆಯಲ್ಲಿ ಸರೆಂಡರ್ ಮೌಲ್ಯವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ, ಪಾಲಿಸಿಯ ಮೇಲೆ ಹಳೆಯ ಸಾಲ ಬಾಕಿ ಇದೆಯೇ ಎಂದೂ ಕೇಳಿ. ಸಾಲ ಇಟ್ಟುಕೊಂಡು ಪೇಡ್‌ಅಪ್ ಮಾಡಿ ಮರೆತರೆ, ಬಡ್ಡಿ ಬೆಳೆದು ಸರೆಂಡರ್ ಮೌಲ್ಯವನ್ನು ದಾಟಿದ ದಿನ ಕಂಪನಿ ಪಾಲಿಸಿಯನ್ನೇ ಮುಚ್ಚಿ ಸಾಲಕ್ಕೆ ವಜಾ ಹಾಕಿಕೊಳ್ಳುತ್ತದೆ. ಸಾಲ ಇರುವವರು ನಾನು ಕೊಟ್ಟ ಎರಡು ಸಾಲುಗಳನ್ನು ಹಾಕುವ ಮೊದಲು ಆ ಬಾಕಿಯನ್ನು 2,90,000ದಿಂದ ಕಳೆಯಬೇಕು, 5,52,000ದಿಂದ ಬಡ್ಡಿಸಮೇತ ಕಳೆಯಬೇಕು.