“ಟಿಬಿ ಅಂತ ಬರೀಲೇಬೇಕಾ ಮೇಡಂ?”: ಹಾಜರಾತಿ ಕೊರತೆಯ ಒಂದು ಪ್ರಕರಣ

ಪ್ರತಿ ಸೆಮಿಸ್ಟರಿನ ಕೊನೆಗೆ ಹಾಜರಾತಿ ಕೊರತೆ ಇರುವವರ ಪಟ್ಟಿ ನೋಟಿಸ್ ಬೋರ್ಡಿಗೆ ಬೀಳುತ್ತದೆ. ಅವತ್ತು ಮಧ್ಯಾಹ್ನದಿಂದಲೇ ನನ್ನ ಕೋಣೆಯ ಮುಂದೆ ಹುಡುಗರು ನಿಲ್ಲುತ್ತಾರೆ. ಅವರಲ್ಲಿ ನಿಜವಾಗಿ ಕಾಯಿಲೆ ಬಿದ್ದವರೂ ಇರುತ್ತಾರೆ. ಆದರೆ ಹಾಲ್ ಟಿಕೆಟ್ ಕೊಡುವ ಹೊತ್ತಿಗೆ ಬಂದರೆ ವಿಭಾಗದ ಮುಖ್ಯಸ್ಥರಿಗೆ ಒಳ್ಳೆಯ ಮನಸ್ಸಿದ್ದರೂ ಮಾಡುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಇಲ್ಲಿ ಹೇಳುತ್ತಿರುವ ಹುಡುಗಿ ಪಟ್ಟಿ ಬೀಳುವ ಮುಂಚೆಯೇ ಬಂದಳು. ಅವಳ ಗುರುತು ಸಿಗದಂತೆ ಊರು, ವಿಷಯ, ತಾರೀಕುಗಳನ್ನು ಬದಲಿಸಿದ್ದೇನೆ.

ಎಂ.ಎಸ್ಸಿ. ಎರಡನೇ ಸೆಮಿಸ್ಟರ್, ಹಾಸ್ಟೆಲ್ ವಾಸ. ಮಾರ್ಚ್ ನಡುವೆ ಕೆಮ್ಮು, ಜ್ವರ ಬಿಡದೆ ಊರಿಗೆ ಹೋದವಳಿಗೆ ಶ್ವಾಸಕೋಶದ ಕ್ಷಯ ಎಂದು ಗೊತ್ತಾಯಿತು. ಒಂದು ವಾರ ಆಸ್ಪತ್ರೆ, ಆಮೇಲೆ ಮನೆಯಲ್ಲಿ ವಿಶ್ರಾಂತಿ, ಒಟ್ಟು ಐದು ವಾರ. ಸರ್ಕಾರಿ ಆಸ್ಪತ್ರೆಯ ಮಾತ್ರೆ ನಡೆಯುತ್ತಿತ್ತು. ತರಗತಿಗೆ ಹೋಗಬಹುದು, ಬೇರೆಯವರಿಗೆ ಹರಡುವ ಭಯವಿಲ್ಲ ಎಂದು ವೈದ್ಯರೇ ಬರೆದುಕೊಟ್ಟಿದ್ದರು.

ನನ್ನ ಹತ್ತಿರ ಬಂದಾಗ ಅವಳ ಕೈಯಲ್ಲಿ ಎರಡು ಕಾಗದಗಳಿದ್ದವು. ಒಂದು, ವಿಭಾಗದ ಮುಖ್ಯಸ್ಥರಿಗೆ ಬರೆದ ಎರಡು ಪುಟದ ಪತ್ರ. ಅದರ ತುಂಬ ಅಪ್ಪನ ಸಾಲ, ಅಮ್ಮನ ಕಣ್ಣೀರು, “ತಮ್ಮ ಪಾದಕ್ಕೆ ಬೀಳುತ್ತೇನೆ” ಎನ್ನುವ ಮಾತು. ಎಷ್ಟು ತರಗತಿ ತಪ್ಪಿತು, ಎಲ್ಲಿಂದ ಎಲ್ಲಿಯವರೆಗೆ ಎನ್ನುವುದು ಎಲ್ಲೂ ಇರಲಿಲ್ಲ. ಇನ್ನೊಂದು, ಊರಿನ ಪರಿಚಯದ ಕ್ಲಿನಿಕ್ಕಿನಿಂದ ತಂದ ಪ್ರಮಾಣಪತ್ರ. ಅದರಲ್ಲಿ ಕಾಯಿಲೆ ಟೈಫಾಯಿಡ್, ಅವಧಿ ಫೆಬ್ರವರಿ 24ರಿಂದ ಏಪ್ರಿಲ್ 20.

“ಟೈಫಾಯಿಡ್ ಯಾಕಮ್ಮ?” ಎಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. “ಟಿಬಿ ಅಂತ ಬರೀಲೇಬೇಕಾ ಮೇಡಂ? ಆಫೀಸಿಗೆ ಗೊತ್ತಾದ್ರೆ ಹಾಸ್ಟೆಲಿಗೂ ಗೊತ್ತಾಗತ್ತೆ. ಮೆಸ್ಸಲ್ಲಿ ನನ್ನ ತಟ್ಟೆ ಬೇರೆ ಇಡ್ತಾರೆ.”

ಈ ಭಯವನ್ನು ನಾನು ತಳ್ಳಿಹಾಕಲಿಲ್ಲ. ಅರ್ಜಿಯೊಂದು ಗುಮಾಸ್ತರ ಮೇಜಿಂದ ಮೇಜಿಗೆ ಹೋಗುವಾಗ ಅದರಲ್ಲಿ ಬರೆದದ್ದನ್ನು ಎಷ್ಟು ಜನ ಓದುತ್ತಾರೆ ಎಂದು ನೋಡಿದ್ದೇನೆ. ಹಾಗಾಗಿ ಆ ಮಾತನ್ನು ಪಕ್ಕಕ್ಕಿಟ್ಟು ಫೆಬ್ರವರಿ 24ರ ಬಗ್ಗೆ ಕೇಳಿದೆ. ಊರಿಗೆ ಹೋದದ್ದು ಮಾರ್ಚ್ 17ಕ್ಕಲ್ಲವೇ? ಆಗ ಹೇಳಿದಳು: ಫೆಬ್ರವರಿ ಕೊನೆಯ ವಾರ ಊರ ಜಾತ್ರೆಗೆ ಹೋಗಿ ಒಂದು ಲ್ಯಾಬ್ ತಪ್ಪಿಸಿಕೊಂಡಿದ್ದಳು, ಅದೂ ಸೇರಿಹೋಗಲಿ ಎಂದು ಅವಧಿಯನ್ನು ಹಿಂದಕ್ಕೆ ಎಳೆಸಿದ್ದಳು.

“ಮೊದಲನೇ ಇಂಟರ್ನಲ್ ಟೆಸ್ಟ್ ಯಾವತ್ತು ಬರೆದೆ?”

“ಮಾರ್ಚ್ 11.”

ಅಲ್ಲಿಗೆ ಅವಳಿಗೇ ತಿಳಿಯಿತು. ಹಾಸಿಗೆ ಹಿಡಿದಿದ್ದಳು ಎಂದು ಪ್ರಮಾಣಪತ್ರ ಹೇಳುವ ದಿನ ಅವಳು ಟೆಸ್ಟ್ ಹಾಲಿನಲ್ಲಿ ಸಹಿ ಹಾಕಿದ್ದಾಳೆ. ಸುಳ್ಳು ಪ್ರಮಾಣಪತ್ರ ಸಿಕ್ಕಿಬೀಳುವುದು ಹೆಚ್ಚಾಗಿ ಹೀಗೆಯೇ. ವೈದ್ಯರಿಗೆ ಯಾರೂ ಫೋನ್ ಮಾಡಬೇಕಿಲ್ಲ, ವಿಭಾಗದಲ್ಲೇ ಇರುವ ಹಾಜರಿ ಪುಸ್ತಕ, ಟೆಸ್ಟಿನ ಸಹಿ ಹಾಳೆಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು. ಒಂದು ದಿನ ತಾಳೆಯಾಗದಿದ್ದರೆ ಉಳಿದ ಐದು ವಾರದ ನಿಜವಾದ ಕಾಯಿಲೆಯನ್ನೂ ಯಾರೂ ನಂಬುವುದಿಲ್ಲ. ಕೊರತೆಯ ವಿಚಾರ ಹೋಗಿ ಶಿಸ್ತುಕ್ರಮದ ವಿಚಾರವಾಗುತ್ತದೆ. ನಿಜವಾದ ಕಾಯಿಲೆ, ನಿಜವಾದ ಡಿಸ್ಚಾರ್ಜ್ ಸಾರಾಂಶ, ನಿಜವಾದ ಫಿಟ್‌ನೆಸ್ ಪತ್ರ ಮೂರೂ ಇರುವ ಹುಡುಗಿ ಒಂದು ಲ್ಯಾಬಿಗಾಗಿ ಅಷ್ಟನ್ನೂ ಕಳೆದುಕೊಳ್ಳುವುದರಲ್ಲಿದ್ದಳು.

ಆ ಪ್ರಮಾಣಪತ್ರವನ್ನು ಅವಳೇ ಹರಿದಳು. ಆಮೇಲೆ ಒಂದು ಹಾಳೆ ತೆಗೆದುಕೊಂಡು ಲೆಕ್ಕಕ್ಕೆ ಕುಳಿತೆವು.

ಆ ವಿಶ್ವವಿದ್ಯಾಲಯದಲ್ಲಿ ಪ್ರತಿ ಪತ್ರಿಕೆಗೆ ಶೇ. 75 ಹಾಜರಾತಿ ಬೇಕು. ಕಾಯಿಲೆಯಂಥ ಕಾರಣಕ್ಕೆ ಶೇ. 10ರವರೆಗಿನ ಕೊರತೆಯನ್ನು ಮನ್ನಾ ಮಾಡಬಹುದು. ಅಂದರೆ 65ಕ್ಕಿಂತ ಕೆಳಗೆ ಹೋದವರಿಗೆ ಮನ್ನಾ ಇಲ್ಲ. (ಎಲ್ಲ ಕಡೆ ಇದೇ ಅಂಕಿಯಲ್ಲ. ವಿಟಿಯು ಅಡಿಯ ಕಾಲೇಜುಗಳಲ್ಲಿ 85 ಬೇಕು, ಮನ್ನಾ ಸಿಕ್ಕರೂ 75 ಇರಲೇಬೇಕು. ನಿಮ್ಮ ಕೋರ್ಸಿನ ನಿಯಮಾವಳಿಯನ್ನು ನೀವೇ ತೆರೆದು ನೋಡಿ.) ವೈದ್ಯಕೀಯ ರಜೆ ಎಂದರೆ ಆ ದಿನಗಳಿಗೆ ಹಾಜರಿ ಹಾಕುತ್ತಾರೆ ಎಂದು ಅನೇಕರು ತಿಳಿದಿದ್ದಾರೆ. ಹಾಗಿಲ್ಲ. ಗೈರು ಗೈರಾಗಿಯೇ ಉಳಿಯುತ್ತದೆ, ಆ ಕೊರತೆಯಿದ್ದರೂ ಪರೀಕ್ಷೆಗೆ ಕೂರಲು ಬಿಡುತ್ತಾರೆ ಅಷ್ಟೆ.

ಅವಳ ಮೊಬೈಲಿನಲ್ಲಿ ಹಾಜರಾತಿ ಶೇ. 54 ಎಂದು ತೋರಿಸುತ್ತಿತ್ತು. ಅದನ್ನು ನೋಡಿಯೇ ಎದೆ ಒಡೆದುಕೊಂಡಿದ್ದಳು. “ಮನ್ನಾ ಆಗತ್ತೋ ಇಲ್ವೋ ಗೊತ್ತಾಗೋವರೆಗೂ ಊರಲ್ಲೇ ಇರ್ತೀನಿ ಮೇಡಂ, ಕ್ಲಾಸಿಗೆ ಹೋಗಿ ಏನು ಪ್ರಯೋಜನ?” ಎನ್ನುವುದು ಅವಳ ವಾದ. ಆದರೆ 54 ಎನ್ನುವುದು ಅವತ್ತಿನವರೆಗಿನ ಲೆಕ್ಕ. ಸೆಮಿಸ್ಟರ್ ಹದಿನಾರು ವಾರ, ಥಿಯರಿಗೆ ವಾರಕ್ಕೆ ನಾಲ್ಕು ತರಗತಿ, ಒಟ್ಟು 64. ಕಾಯಿಲೆಗೆ ಮುಂಚಿನ ಆರು ವಾರದಲ್ಲಿ 24ಕ್ಕೆ 24 ಬಂದಿದ್ದಳು. ಕಾಯಿಲೆಯಲ್ಲಿ 20 ಹೋದವು. ಇನ್ನು ಐದು ವಾರ, 20 ತರಗತಿ ಬಾಕಿ. ಅಷ್ಟಕ್ಕೂ ಬಂದರೆ 64ರಲ್ಲಿ 44, ಅಂದರೆ ಶೇ. 68.75, ಮನ್ನಾದ ಮಿತಿಯೊಳಗೆ. ಊರಲ್ಲಿ ಕೂತು ಇನ್ನು ಮೂರೇ ತರಗತಿ ತಪ್ಪಿಸಿಕೊಂಡರೂ 41ಕ್ಕೆ ಇಳಿದು ಶೇ. 64 ಆಗುತ್ತದೆ, ಆಗ ಪತ್ರ ಎಷ್ಟು ಚೆನ್ನಾಗಿದ್ದರೂ ಅಷ್ಟೆ.

ತೊಂದರೆ ಇದ್ದದ್ದು ಲ್ಯಾಬಿನಲ್ಲಿ. ಅದು ವಾರಕ್ಕೆ ಒಂದೇ, ಒಟ್ಟು ಹದಿನಾರು. ಕಾಯಿಲೆಯಲ್ಲಿ ಐದು, ಜಾತ್ರೆಯಲ್ಲಿ ಒಂದು ಹೋಗಿ ಉಳಿಯುವುದು ಹತ್ತು, ಶೇ. 62.5. ಹನ್ನೊಂದಿದ್ದರೆ ದಾಟುತ್ತಾಳೆ. ಆ ವಿಭಾಗದಲ್ಲಿ ಕೊನೆಯ ವಾರ ಪ್ರಯೋಗ ತಪ್ಪಿದವರಿಗೆ ರಿಪೀಟ್ ಲ್ಯಾಬ್ ಇಡುತ್ತಾರೆ, ತಪ್ಪಿದ ದಿನದ ಎದುರಿಗೇ ಹಾಜರಿ ಹಾಕುತ್ತಾರೆ. ಲ್ಯಾಬ್ ಮೇಷ್ಟರನ್ನು ಇವತ್ತೇ ಕಂಡು, ಜಾತ್ರೆಗೆ ಹೋಗಿದ್ದೆ ಎಂದು ಇದ್ದದ್ದನ್ನೇ ಹೇಳಿ, ಆ ಪ್ರಯೋಗವನ್ನು ರಿಪೀಟಿನಲ್ಲಿ ಮಾಡಲು ಬಿಡಿ ಎಂದು ಕೇಳು ಎಂದೆ. ಕೇಳಿದಳು, ಅವರು ಒಪ್ಪಿದರು.

ಇನ್ನು ಪತ್ರ. ಹುಡುಗರು ಮುಖ್ಯಸ್ಥರನ್ನು ಕೊಡುವ ದೊರೆ ಎಂದುಕೊಂಡು ಬರೆಯುತ್ತಾರೆ. ಅವರ ಕೈಯಲ್ಲಿ ಮನ್ನಾ ಇಲ್ಲ. ಅರ್ಜಿಯ ಮೇಲೆ ಶಿಫಾರಸು ಬರೆದು ಮೇಲಕ್ಕೆ ಕಳಿಸುವುದು ಅವರ ಕೆಲಸ, ತೀರ್ಮಾನ ವಿಶ್ವವಿದ್ಯಾಲಯದ್ದು. ಶಿಫಾರಸು ಬರೆದವರು ನಾಳೆ ಯಾಕೆ ಬರೆದಿರಿ ಎಂದು ಕೇಳಿದರೆ ಉತ್ತರ ಕೊಡಬೇಕು. ಆ ಉತ್ತರ ಪತ್ರದಲ್ಲೇ ಇದ್ದರೆ ಅವರ ಪೆನ್ನು ಸಲೀಸಾಗಿ ಓಡುತ್ತದೆ. ಅಪ್ಪನ ಸಾಲವನ್ನು ತೆಗೆಯಲು ಹೇಳಿದ್ದು ಅದು ಸುಳ್ಳೆಂದಲ್ಲ. ಅದನ್ನು ಆಧಾರ ಮಾಡಿಕೊಂಡು ಅವರು ಯಾರಿಗೂ ಏನೂ ಬರೆಯಲಾರರು. ಕೊನೆಗೆ ಅವಳು ಬರೆದದ್ದು ಇಷ್ಟು:

“ವಿಷಯ: ವೈದ್ಯಕೀಯ ಕಾರಣದಿಂದ ಉಂಟಾದ ಹಾಜರಾತಿ ಕೊರತೆಯನ್ನು ಮನ್ನಾ ಮಾಡುವಂತೆ ಶಿಫಾರಸು ಕೋರಿ.

ಮಾನ್ಯರೇ,

ಎರಡನೇ ಸೆಮಿಸ್ಟರಿನ ವಿದ್ಯಾರ್ಥಿನಿಯಾದ ನಾನು ಮಾರ್ಚ್ 17ರಿಂದ ಏಪ್ರಿಲ್ 20ರವರೆಗೆ ಅನಾರೋಗ್ಯದಿಂದ ಚಿಕಿತ್ಸೆಯಲ್ಲಿದ್ದು ತರಗತಿಗಳಿಗೆ ಹಾಜರಾಗಲು ಆಗಿರುವುದಿಲ್ಲ. ಏಪ್ರಿಲ್ 21ರಿಂದ ಹಾಜರಾಗುತ್ತಿದ್ದೇನೆ. ಈ ಅವಧಿಯಲ್ಲಿ ಪ್ರತಿ ಥಿಯರಿ ಪತ್ರಿಕೆಯಲ್ಲಿ 20 ತರಗತಿ, ಪ್ರಯೋಗಾಲಯದಲ್ಲಿ 5 ತರಗತಿ ತಪ್ಪಿವೆ. ಉಳಿದ ಎಲ್ಲ ತರಗತಿಗಳಿಗೆ ಹಾಜರಾದಲ್ಲಿ ಸೆಮಿಸ್ಟರ್ ಕೊನೆಗೆ ಥಿಯರಿಯಲ್ಲಿ ಶೇ. 68.75 ಆಗಲಿದೆ. ಪ್ರಯೋಗಾಲಯದಲ್ಲಿ ವೈಯಕ್ತಿಕ ಕಾರಣದಿಂದ ಇನ್ನೊಂದು ತರಗತಿ ತಪ್ಪಿದ್ದು, ಸಂಬಂಧಪಟ್ಟ ಅಧ್ಯಾಪಕರ ಅನುಮತಿಯಂತೆ ಅದನ್ನು ರಿಪೀಟ್ ತರಗತಿಯಲ್ಲಿ ಪೂರೈಸಿದಲ್ಲಿ ಅದೂ ಶೇ. 68.75 ಆಗಲಿದೆ. ವೈದ್ಯಕೀಯ ದಾಖಲೆಗಳನ್ನು ಗೋಪ್ಯ ಲಕೋಟೆಯಲ್ಲಿ ತಮ್ಮ ಪರಿಶೀಲನೆಗೆ ಸಲ್ಲಿಸಿದ್ದೇನೆ. ಕೊರತೆಯನ್ನು ನಿಯಮದಂತೆ ಮನ್ನಾ ಮಾಡಲು ಶಿಫಾರಸು ಮಾಡಬೇಕಾಗಿ ಕೋರುತ್ತೇನೆ.”

ಕಾಯಿಲೆಯ ಹೆಸರು ಪತ್ರದಲ್ಲಿಲ್ಲ. ಡಿಸ್ಚಾರ್ಜ್ ಸಾರಾಂಶ, ವೈದ್ಯರ ನೋಂದಣಿ ಸಂಖ್ಯೆ ಇರುವ ಪ್ರಮಾಣಪತ್ರ, ಫಿಟ್‌ನೆಸ್ ಪತ್ರ ಮೂರೂ ಅಂಟಿಸಿದ ಲಕೋಟೆಯಲ್ಲಿ. ಅದನ್ನು ಆಫೀಸಿನ ಟ್ರೇನಲ್ಲಿ ಹಾಕದೆ ಮುಖ್ಯಸ್ಥರ ಕೈಗೇ ಕೊಟ್ಟು, “ಸರ್, ಇದನ್ನು ತಾವು ಮಾತ್ರ ನೋಡಬೇಕು” ಎಂದು ಬಾಯಿಬಿಟ್ಟು ಹೇಳಬೇಕೆಂದೆ. ಪತ್ರಕ್ಕೆ ಮಾತ್ರ ಆಫೀಸಿನಲ್ಲಿ ಸ್ವೀಕೃತಿ ಸೀಲು ಹಾಕಿಸಿ ಒಂದು ಪ್ರತಿ ಇಟ್ಟುಕೊಳ್ಳಬೇಕು. ಮುಂದೆ ಅರ್ಜಿಯೇ ಬಂದಿಲ್ಲ ಎಂಬ ಮಾತು ಬಂದರೆ ಆ ಸೀಲು ಬೇಕಾಗುತ್ತದೆ.

ಇದನ್ನು ಕೇಳಿದ ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು: ಟಿಬಿ ಬಗ್ಗೆ ನಾಚಿಕೆ ಬಿಡಿಸಬೇಕಾದವರೇ ಮುಚ್ಚಿಡಲು ಕಲಿಸಿದಿರಲ್ಲ ಎಂದು. ನಾನು ಒಪ್ಪುವುದಿಲ್ಲ. ಶಿಫಾರಸು ಮಾಡುವವರಿಗೆ ದಾಖಲೆ ಪೂರ್ತಿ ಸಿಕ್ಕಿದೆ, ಅವರಿಂದ ಏನನ್ನೂ ಬಚ್ಚಿಟ್ಟಿಲ್ಲ. ಟೈಫಾಯಿಡ್ ಎಂದು ಬರೆಯುವುದು ಸುಳ್ಳು. ಹೆಸರು ಬರೆಯದಿರುವುದು ಅವಳ ಹಕ್ಕು. ಸಮಾಜದ ನಾಚಿಕೆ ಬಿಡಿಸುವ ಹೊರೆಯನ್ನು, ಇನ್ನೂ ತಿಂಗಳುಗಟ್ಟಲೆ ಮಾತ್ರೆ ನುಂಗಬೇಕಾದ ಇಪ್ಪತ್ತೆರಡರ ಹುಡುಗಿಯ ತಲೆಗೆ ಕಟ್ಟಲು ನನಗೆ ಮನಸ್ಸಿಲ್ಲ. ಅಂಥ ಭಯದಲ್ಲಿ ಮಾತ್ರೆ ಬಚ್ಚಿಟ್ಟು ನುಂಗುವವರು ಕೆಲವು ದಿನ ನುಂಗುವುದನ್ನೇ ಬಿಡುತ್ತಾರೆ, ಹಾಗೆ ಬಿಟ್ಟರೆ ಮಾತ್ರೆಗೆ ಬಗ್ಗದ ಕ್ಷಯವಾಗಬಹುದು. ಅರ್ಜಿಗಿಂತ ನನಗೆ ಅದರ ಚಿಂತೆ ದೊಡ್ಡದಿತ್ತು. ಹಾಗಾಗಿ ರೂಮಿನಲ್ಲಿ ಒಬ್ಬ ಗೆಳತಿಗಾದರೂ ಹೇಳು ಎಂದೆ. ಯಾರಿಗೆ ಎನ್ನುವುದನ್ನು ಅವಳಿಗೇ ಬಿಟ್ಟೆ.

ಮುಖ್ಯಸ್ಥರು ಲಕೋಟೆ ತೆರೆದು ನೋಡಿ, ಅವಳೆದುರೇ ಮತ್ತೆ ಅಂಟಿಸಿ, ಅರ್ಜಿಯ ಅಂಚಿನಲ್ಲಿ “ದಾಖಲೆ ಪರಿಶೀಲಿಸಿದೆ, ಅವಧಿ ಸರಿಯಾಗಿದೆ, ಶಿಫಾರಸು ಮಾಡಿದೆ” ಎಂದು ಬರೆದರು. ಮನ್ನಾ ಆಯಿತು, ನಿಗದಿಯಾದ ಶುಲ್ಕ ಕಟ್ಟಿ ಪರೀಕ್ಷೆ ಬರೆದಳು.

ಅದೇ ಸೆಮಿಸ್ಟರಿನ ಕೊನೆಗೆ ಡೆಂಗಿಯಿಂದ ಎದ್ದ ಹುಡುಗನೊಬ್ಬ ಬಂದ. ಕಾಯಿಲೆಗೆ ಹೋದದ್ದು ಎರಡೇ ವಾರ, ಅದಕ್ಕೆ ಮುಂಚೆ ಪಾರ್ಟ್‌ಟೈಮ್ ಕೆಲಸಕ್ಕೆಂದು ತಪ್ಪಿಸಿದ್ದು ಅದಕ್ಕಿಂತ ಹೆಚ್ಚು. ಎಲ್ಲ ಪತ್ರಿಕೆಯಲ್ಲೂ 60ರ ಕೆಳಗಿದ್ದ. ಅವನಿಗೆ ಮನ್ನಾ ಪತ್ರ ಬರೆಯಬೇಡ ಎಂದೆ. ಮುಂದಿನ ವರ್ಷ ಅದೇ ಸೆಮಿಸ್ಟರಿಗೆ ಮರುಪ್ರವೇಶ ಕೋರುವ ಅರ್ಜಿ ಬರೆಯಲು ಹೇಳಿ, ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನ ಮುಂದುವರಿಯುತ್ತದೆಯೇ ಎಂದು ಮೊದಲು ಆಫೀಸಿನಲ್ಲಿ ಕೇಳಿ ಬಾ ಎಂದು ಕಳಿಸಿದೆ.